ರಾತ್ರಿ ಪದೇ ಪದೇ ಏಳುವುದು, ಊಟದ ನಂತರದ ಸುಸ್ತು, ದಿನಕ್ಕೊಂದು ರೀತಿಯ ದೃಷ್ಟಿ: ಸಕ್ಕರೆಯ ಸಂಶಯ ಯಾವಾಗ ಪಡಬೇಕು

ಪ್ರಶ್ನೆ: “ನಮ್ಮ ಯಜಮಾನರಿಗೆ 53 ವರ್ಷ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಮಧ್ಯಾಹ್ನ ಊಟವಾದ ಮೇಲೆ ತೋಟಕ್ಕೆ ಹೋಗಲು ಆಗುವುದಿಲ್ಲ, ಕಣ್ಣು ಒಂದು ದಿನ ಸರಿ ಒಂದು ದಿನ ಮಂಜು ಎನ್ನುತ್ತಾರೆ. ಕೇಳಿದರೆ ವಯಸ್ಸಾಯಿತು, ಅಡಿಕೆ ಬೇಯಿಸುವ ಕಾಲದ ನಿದ್ದೆಗೇಡು ಎನ್ನುತ್ತಾರೆ. ಶುಗರ್ ಇರಬಹುದೇ?”

ಅಕ್ಕನವರೇ, ಇರಬಹುದು. ನಿಮ್ಮ ಪ್ರಶ್ನೆಗೆ ನನಗಿಂತ ಮೊದಲೇ ಇಲ್ಲಿ ಕೆಲವರು ಉತ್ತರ ಬರೆದಿದ್ದಾರೆ, ಅವರ ಮಾತುಗಳ ಬಗ್ಗೆಯೂ ಮುಂದೆ ಹೇಳುತ್ತೇನೆ. ತಾಲ್ಲೂಕು ಆಸ್ಪತ್ರೆಯೊಂದರ ರಕ್ತ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಈಗ ತೋಟ ನೋಡಿಕೊಂಡಿರುವ ನನಗೆ, ನೀವು ಹೇಳಿದ ಮೂರು ಲಕ್ಷಣಗಳು ಒಟ್ಟಿಗೆ ಬಂದಿರುವುದೇ ಮುಖ್ಯವಾಗಿ ಕಾಣುತ್ತದೆ. ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಪ್ರತಿಯೊಂದಕ್ಕೂ ವಯಸ್ಸಿನ ಕಾರಣ ಸುಲಭವಾಗಿ ಸಿಗುತ್ತದೆ. ಆದ್ದರಿಂದಲೇ ಅನೇಕರು ವರ್ಷಗಟ್ಟಲೆ ಪರೀಕ್ಷೆಗೆ ಹೋಗುವುದಿಲ್ಲ.

ಮೊದಲು ರಾತ್ರಿಯ ಮೂತ್ರದ ವಿಷಯ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತವೆ, ಹಾಗೆ ಹೋಗುವ ಸಕ್ಕರೆ ತನ್ನೊಡನೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಎಷ್ಟು ಸಲ ಏಳುತ್ತಾರೆ ಎಂಬುದಕ್ಕಿಂತ ಪ್ರತಿ ಸಲ ಎಷ್ಟು ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೂ ಪದೇ ಪದೇ ಏಳಬೇಕಾಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಧಾರೆ ಸಣ್ಣದಾಗಿರುತ್ತದೆ, ಮುಗಿದ ಮೇಲೂ ಇನ್ನೂ ಉಳಿದಿದೆ ಎನ್ನಿಸುತ್ತದೆ. ಸಕ್ಕರೆ ಹೆಚ್ಚಾದಾಗ ಪ್ರತಿ ಸಲವೂ ಧಾರಾಳವಾಗಿ ಹೋಗಿ, ಮಲಗುವ ಮುನ್ನ ತಂಬಿಗೆ ತುಂಬ ನೀರು ಪಕ್ಕದಲ್ಲಿಟ್ಟುಕೊಳ್ಳುವಷ್ಟು ಬಾಯಿ ಒಣಗುತ್ತದೆ. ಒಂದು ಹಳೆಯ ಅಳತೆಯ ಜಗ್ಗಿನಲ್ಲಿ ಒಂದು ಹಗಲು ಒಂದು ರಾತ್ರಿ ಅಳೆದು ಬರೆದಿಟ್ಟರೆ ವೈದ್ಯರಿಗೆ ಅದರಿಂದ ಬಹಳ ಉಪಯೋಗವಾಗುತ್ತದೆ; ಒಟ್ಟು ಮೂರು ಲೀಟರ್ ದಾಟಿದರೆ ಅದು ಖಂಡಿತವಾಗಿ ಹೆಚ್ಚು. (ಆ ಜಗ್ಗು ಮತ್ತೆ ಅಡುಗೆಮನೆಗೆ ಬಾರದಂತೆ ನೋಡಿಕೊಳ್ಳಿ.) ಎರಡೂ ತೊಂದರೆಗಳು ಒಬ್ಬರಲ್ಲೇ ಇರುವುದೂ ಉಂಟು, ಬಿಪಿಗೆಂದು ಕೊಡುವ ಕೆಲವು ಮಾತ್ರೆಗಳು ಕೂಡ ಮೂತ್ರ ಹೆಚ್ಚಿಸುತ್ತವೆ, ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಕೊಂಡೊಯ್ಯಿರಿ.

ಬಚ್ಚಲಲ್ಲಿ ಇರುವೆ ಮುತ್ತದಿದ್ದರೆ ಶುಗರ್ ಇಲ್ಲವೆಂದು ಮೇಲೆ ಬರೆದ ಅಣ್ಣನವರ ಮಾತು ಅರ್ಧ ಮಾತ್ರ ಸರಿ. ಇರುವೆ ಬಂದರೆ ಮೂತ್ರದಲ್ಲಿ ಸಕ್ಕರೆ ಇರುವ ಸಂಶಯ ಪಡಬಹುದು, ಆದರೆ ಬಾರದಿದ್ದುದರಿಂದ ಏನೂ ಸಾಬೀತಾಗುವುದಿಲ್ಲ. ಊಟದ ನಂತರವೂ 180ರ ಒಳಗೇ ಇರುವ ಮಧುಮೇಹಿಯ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳದೇ ಇರಬಹುದು.

ಕಣ್ಣಿನ ವಿಷಯ ನನಗೆ ಇನ್ನೂ ಹೆಚ್ಚು ಸಂಶಯ ತರಿಸುತ್ತದೆ. ವಯಸ್ಸಿನಿಂದ ಬರುವ ಚಾಳೀಸು ಅಥವಾ ಪೊರೆ ಒಂದು ದಿನ ಕಡಿಮೆಯಾಗಿ ಮರುದಿನ ಹೆಚ್ಚಾಗುವುದಿಲ್ಲ. ಸಕ್ಕರೆ ಏರಿಳಿದಾಗಲಾದರೆ ಕಣ್ಣಿನೊಳಗಿನ ಮಸೂರ ನೀರು ಹಿಡಿದು ಉಬ್ಬಿ ಇಳಿಯುವುದರಿಂದ ದೃಷ್ಟಿ ಹೀಗೆ ಬದಲಾಗುತ್ತದೆ. ನಮ್ಮ ಪಕ್ಕದ ತೋಟದವರೊಬ್ಬರು ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪತ್ರಿಕೆ ಓದತೊಡಗಿ, ತಮ್ಮ ಚಾಳೀಸು ಬಿಟ್ಟುಹೋಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು, ಆದರೆ ಎದುರಿಗೆ ಬರುವ ಬಸ್ಸಿನ ಫಲಕ ಅವರಿಗೆ ಕಾಣುತ್ತಿರಲಿಲ್ಲ. ಉಬ್ಬಿದ ಮಸೂರ ಹತ್ತಿರದ್ದನ್ನು ಸ್ಪಷ್ಟವಾಗಿ ತೋರಿಸಿ ದೂರದ್ದನ್ನು ಮಸುಕು ಮಾಡಿತ್ತು. ಪಂಚೆ ಸಡಿಲವಾಗಿದ್ದುದನ್ನೂ ಅವರು ಕೊಯ್ಲಿನ ಕೆಲಸಕ್ಕೆ ಮೈ ಇಳಿದುದೆಂದು ತಿಳಿದಿದ್ದರು. ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯಲ್ಲಿ 171, ಊಟವಾಗಿ ಎರಡು ಗಂಟೆಗೆ 304, ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ 9.4 ಬಂದಿತು. ಮಾತ್ರೆ ಶುರುವಾಗಿ ಸಕ್ಕರೆ ಇಳಿಯುತ್ತಿದ್ದಂತೆ ಮಸೂರ ಮತ್ತೆ ಮೊದಲಿನಂತಾಗಿ, ಓದಲು ಕನ್ನಡಕ ಬೇಕೇ ಬೇಕಾಯಿತು. ಮಾತ್ರೆಯಿಂದಲೇ ಕಣ್ಣು ಕೆಟ್ಟಿತೆಂದು ಅವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ಅವರ ಮಗಳು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲಷ್ಟೇ ಕಾರಣ ತಿಳಿಯಿತು. ಆದ್ದರಿಂದ ನಿಮ್ಮ ಯಜಮಾನರಿಗೆ ಸಕ್ಕರೆ ಇರುವುದು ಖಚಿತವಾದರೆ, ಅದು ಹತೋಟಿಗೆ ಬಂದು ಕೆಲವು ವಾರ ಕಳೆಯುವವರೆಗೆ ಹೊಸ ಕನ್ನಡಕಕ್ಕೆ ಹಣ ಹಾಕಬೇಡಿ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು, ಅದು ಬೇರೆಯೇ ವಿಷಯ.

ಸುಸ್ತಿನ ಬಗ್ಗೆ ಖಚಿತವಾಗಿ ಹೇಳುವುದು ಕಷ್ಟ. ಶುಗರ್ ಮಾತ್ರೆ ತಿನ್ನುತ್ತಿದ್ದರೂ ತಮಗೆ ಸುಸ್ತು ಹೋಗಿಲ್ಲ, ಕೊನೆಗೆ ಬಿ12 ಕೊರತೆ ಎಂದರು ಎಂದು ತಮ್ಮ ಅನುಭವ ಬರೆದ ತೀರ್ಥಹಳ್ಳಿಯ ಸ್ನೇಹಿತರ ಮಾತೂ ನಿಜವೇ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡರೆ ಬಿ12 ಕಡಿಮೆಯಾಗುವುದುಂಟು. ರಕ್ತಹೀನತೆ, ಥೈರಾಯ್ಡ್, ಬರೀ ನಿದ್ದೆಗೇಡು ಇವೆಲ್ಲವೂ ಇದೇ ಬಗೆಯ ಸುಸ್ತು ಕೊಡುತ್ತವೆ. ಒಲೆಯ ಮುಂದೆ ರಾತ್ರಿ ಕಳೆಯುವ ಕೆಲಸ ಮುಗಿದು, ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಊಟದ ನಂತರ ಮೈ ಬಿದ್ದುಹೋದಂತಾಗುತ್ತಿದ್ದರೆ ನಿದ್ದೆಗೇಡಿನ ಸಮಾಧಾನ ಸಾಲದು. ಆದರೆ ಕೊಯ್ಲು ಮುಗಿಯಲೆಂದು ಪರೀಕ್ಷೆಗೆ ಕಾಯಬೇಡಿ.

ಹಾಗಲಕಾಯಿ ರಸದ ಪ್ರಮಾಣ ಬರೆದವರು ಪ್ರಶ್ನೆಯನ್ನು ಚಿಕಿತ್ಸೆಯ ಪ್ರಶ್ನೆಯೆಂದು ಓದಿಕೊಂಡಂತಿದೆ. ಪರೀಕ್ಷೆಗೆ ಮೊದಲು ರಸ ಕುಡಿಯುವುದಾಗಲಿ, ಅನ್ನ ಬಿಟ್ಟು ಎರಡು ದಿನ ಪಥ್ಯ ಮಾಡುವುದಾಗಲಿ ಬೇಡ. ಎಂದಿನಂತೆ ಉಂಡು, ರಾತ್ರಿಯ ಊಟದ ನಂತರ ಕನಿಷ್ಠ ಎಂಟು ಗಂಟೆ ನೀರನ್ನು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳದೆ, ಬೆಳಗಿನ ಕಾಫಿಗೂ ಮುನ್ನ ರಕ್ತ ಕೊಡಬೇಕು. ಬರಿಹೊಟ್ಟೆಯಲ್ಲಿ 100ರೊಳಗೆ ಇದ್ದರೆ ಸರಿ, 100ರಿಂದ 125 ಅಂಚಿನ ಸ್ಥಿತಿ, 126 ಅಥವಾ ಅದಕ್ಕಿಂತ ಮೇಲಿದ್ದರೆ ಮಧುಮೇಹ. ಸ್ಪಷ್ಟ ಲಕ್ಷಣಗಳಿಲ್ಲದವರಲ್ಲಿ ಇದನ್ನು ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ನಿವೃತ್ತ ನರ್ಸ್ ಅಕ್ಕನವರು ಹೇಳಿದಂತೆ ಎಚ್‌ಬಿಎ1ಸಿಗೆ ಉಪವಾಸ ಬೇಡ, 6.5 ಅಥವಾ ಹೆಚ್ಚು ಬಂದರೆ ಮಧುಮೇಹವೆಂದೇ ಲೆಕ್ಕ. ಅವರ ಮಾತಿಗೆ ನಾನು ಸೇರಿಸುವುದು ಇಷ್ಟೇ: ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಇರಬೇಕಾದುದಕ್ಕಿಂತ ಹೆಚ್ಚು ತೋರಿಸಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ನಂಬುವಂತಿಲ್ಲ, ಹಾಗಾಗಿ ಹಿಮೋಗ್ಲೋಬಿನ್ ಅನ್ನೂ ಜೊತೆಗೇ ನೋಡಿಸುವುದು ಒಳ್ಳೆಯದು.

ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರವಿದ್ದರೆ ಅಂದಾಜು ಸಿಗುತ್ತದೆ, ಆದರೆ ಅದರಿಂದ ಕಾಯಿಲೆ ಇದೆ ಇಲ್ಲ ಎಂದು ತೀರ್ಮಾನಿಸಬಾರದು. ಬಾಳೆಹಣ್ಣು ಸುಲಿದ ಅಥವಾ ಬೆಲ್ಲ ಮುಟ್ಟಿದ ಕೈಯಿಂದ ತೆಗೆದ ಹನಿ ಸುಳ್ಳಾಗಿ ಬಹಳ ಹೆಚ್ಚು ತೋರಿಸುತ್ತದೆ. ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡೇ ಚುಚ್ಚಬೇಕು. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿ ನಡೆಯುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ.

ಅವರು ಸಂಕೋಚದಿಂದ ಹೇಳದಿರಬಹುದಾದ ಎರಡು ಸಂಗತಿಗಳನ್ನು ನೀವೇ ಕೇಳಿ. ಗುಪ್ತಾಂಗದ ತುದಿಯಲ್ಲಿ ತುರಿಕೆ, ಬಿಳಿ ಪದರ ಪದೇ ಪದೇ ಬರುತ್ತಿದೆಯೇ ಎಂಬುದು ಒಂದು; ಬೆವರಿಗೆಂದು ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗುವವರು ಬಹಳ. ಅಂಗಾಲು ರಾತ್ರಿ ಉರಿಯುತ್ತದೆಯೇ, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದೇ ಹೋಗುತ್ತದೆಯೇ ಎಂಬುದು ಇನ್ನೊಂದು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಾದರೆ ಪಾದದ ಅಡಿಯನ್ನು ಬೆಳಕಿನಲ್ಲಿ ನೀವೇ ನೋಡಿ, ಮುಳ್ಳು ಮುರಿದು ಕುಳಿತಿದ್ದರೂ ಅವರಿಗೆ ನೋವಾಗದಿರಬಹುದು.

ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಅಥವಾ ಮಂಪರು ಕಾಣಿಸಿದರೆ ಮೇಲೆ ಹೇಳಿದ ಯಾವ ಅಳತೆಗೂ ಕಾಯದೆ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಅಂಥದ್ದು ಏನೂ ಇಲ್ಲದಿದ್ದರೆ ಈ ವಾರದೊಳಗೆ ರಕ್ತ ಕೊಟ್ಟು ಬನ್ನಿ.