ಆ 5% ಯಾವ ರನ್‌ನಲ್ಲಿ ಅಳೆದದ್ದು?

ಪ್ರಶ್ನೆ: ನನ್ನ ಸಿಮ್ಯುಲೇಶನ್ ಕೋಡ್‌ನಲ್ಲಿ ಸೀರಿಯಲ್ ಭಾಗ 5%. 64 ಕೋರ್ ಹಾಕಿದರೆ ಆಮ್ಡಾಲ್ ಸೂತ್ರ 15 ಪಟ್ಟು ವೇಗ ಅನ್ನುತ್ತೆ, ಗುಸ್ತಾಫ್ಸನ್ ಸೂತ್ರ 61 ಪಟ್ಟು ಅನ್ನುತ್ತೆ. ಯಾವುದನ್ನು ನಂಬಲಿ?

ಉತ್ತರ:

ಇದೇ 61 ಅನ್ನುವ ಸಂಖ್ಯೆಯನ್ನು ನಾನೂ ಒಮ್ಮೆ ನಮ್ಮ ತಂಡದ ಮುಂದೆ ಬೋರ್ಡಿನ ಮೇಲೆ ಬರೆದಿದ್ದೆ. ಲೆಕ್ಕ ಸರಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಆದರೂ ನಮಗೆ ಸಿಕ್ಕಿದ್ದ ಮಷೀನಿನ ಸಮಯ ಮುಗಿದಾಗ ಸುಮಾರು ಮೂರರಲ್ಲಿ ಎರಡು ಭಾಗ ಕೆಲಸ ಬಾಕಿ ಉಳಿದಿತ್ತು.

ನಮ್ಮದು ಮೂರು ಆಯಾಮದ ಗ್ರಿಡ್ ಮೇಲೆ ಅಲೆ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಕೋಡ್. ಸಂಖ್ಯೆಗಳನ್ನು ಸುಲಭವಾಗಲಿ ಎಂದು ಸ್ವಲ್ಪ ದುಂಡು ಮಾಡಿ ಹೇಳುತ್ತೇನೆ, ಕೋರ್‌ಗಳ ನಡುವಿನ ಮಾತುಕತೆಗೆ ಹಿಡಿಯುವ ಸಮಯವನ್ನೂ ಸದ್ಯಕ್ಕೆ ಬಿಡುತ್ತೇನೆ. ಒಂದು ಕೇಸ್ ಒಂದು ಕೋರ್ ಮೇಲೆ 1000 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅದರಲ್ಲಿ 950 ಸೆಕೆಂಡ್ ಗ್ರಿಡ್ ಮೇಲಿನ ಲೆಕ್ಕ, ಅದನ್ನು ಕೋರ್‌ಗಳಿಗೆ ಹಂಚಬಹುದು. ಉಳಿದ 50 ಸೆಕೆಂಡ್ ಹಂಚಲು ಬಾರದ್ದು, ಅದೇ ಸೀರಿಯಲ್ ಭಾಗ. ಮೊದಲು ಇನ್‌ಪುಟ್ ಫೈಲ್ ಓದಿ ಗ್ರಿಡ್ ಸಿದ್ಧಮಾಡಲು 10 ಸೆಕೆಂಡ್, ಕೊನೆಯಲ್ಲಿ ಒಂದೇ ಪ್ರೊಸೆಸ್ ಎಲ್ಲ ಫಲಿತಾಂಶ ಒಟ್ಟುಮಾಡಿ ಡಿಸ್ಕಿಗೆ ಬರೆಯಲು 40 ಸೆಕೆಂಡ್. ಇಂಥ 300 ಕೇಸ್ ಓಡಿಸಬೇಕಿತ್ತು. ಎಲ್ಲದರಲ್ಲೂ ಅದೇ ಗ್ರಿಡ್, ಅದೇ ಗಾತ್ರ. ವಸ್ತುವಿನ ಗುಣಗಳು ಮಾತ್ರ ಬೇರೆ ಬೇರೆ.

64 ಕೋರ್ ಕೊಟ್ಟರೆ ಎಷ್ಟು ಹೊತ್ತಾಗುತ್ತದೆ ಎಂದು ತಂಡದ ಹಿರಿಯರು ಕೇಳಿದರು. ನಾನು ಪರೀಕ್ಷೆ ಮಾಡಿದೆ. ಕೋರ್ ಜಾಸ್ತಿ ಆದ ಹಾಗೆ ಸಮಸ್ಯೆಯನ್ನೂ ಬೆಳೆಸಬೇಕು, ಒಂದೊಂದು ಕೋರ್ ಮೇಲಿನ ಹೊರೆ ಅಷ್ಟೇ ಇರಬೇಕು ಎಂದು ಕಲಿತಿದ್ದೆ. ಹಾಗಾಗಿ ಗ್ರಿಡ್ಡನ್ನು ಒಂದು ದಿಕ್ಕಿನಲ್ಲಿ 64 ಪಟ್ಟು ಉದ್ದ ಮಾಡಿದೆ. ಫಲಿತಾಂಶದ ಫೈಲ್ ದೊಡ್ಡದಾಗದಿರಲಿ ಎಂದು ಮೊದಲ ತುಂಡನ್ನು ಮಾತ್ರ ಬರೆಸಿದೆ. 64 ಕೋರ್ ಮೇಲೆ ಆ ದೊಡ್ಡ ಸಮಸ್ಯೆ 1000 ಸೆಕೆಂಡಿನಲ್ಲಿ ಮುಗಿಯಿತು. ಟೈಮರ್ ನೋಡಿದರೆ ಸೀರಿಯಲ್ 50, ಹಂಚಿದ್ದು 950. ಅಂದರೆ 5%. ಗುಸ್ತಾಫ್ಸನ್ ಸೂತ್ರಕ್ಕೆ ಹಾಕಿದೆ. ಇದರಲ್ಲಿ S ಎಂದರೆ ಎಷ್ಟು ಪಟ್ಟು ವೇಗ, N ಎಂದರೆ ಕೋರ್‌ಗಳ ಸಂಖ್ಯೆ, s' ಎಂದರೆ ಸೀರಿಯಲ್ ಪಾಲು:

```
S = N - (N - 1) * s'
S = 64 - 63 * 0.05 = 60.85
```

ಇದು ಸುಳ್ಳಲ್ಲ. ಅದೇ ಉದ್ದದ ಗ್ರಿಡ್ಡನ್ನು ಒಂದು ಕೋರ್ ಮಾಡಿದ್ದರೆ 950 × 64 + 50, ಅಂದರೆ 60,850 ಸೆಕೆಂಡ್ ಬೇಕಿತ್ತು. ನಾವು 1000ದಲ್ಲಿ ಮುಗಿಸಿದೆವು. 60.85 ಪಟ್ಟು ಅನ್ನುವುದು ನಿಜವೇ.

ತಪ್ಪು ನಡೆದದ್ದು ಮುಂದಿನ ಸಾಲಿನಲ್ಲಿ. ಬೋರ್ಡಿನ ಮೇಲೆ 1000 ÷ 61 ಎಂದು ಬರೆದೆ. ಒಂದು ಕೇಸಿಗೆ 16 ಸೆಕೆಂಡ್ ಚಿಲ್ಲರೆ, 300 ಕೇಸಿಗೆ ಒಂದೂವರೆ ಗಂಟೆಯೊಳಗೆ ಎಂದೆ. ಎರಡು ಗಂಟೆ ಮಷೀನ್ ಕಾಯ್ದಿರಿಸಿದೆವು. ಓಡಿಸಿದಾಗ ಒಂದೊಂದು ಕೇಸಿಗೆ ಸುಮಾರು 65 ಸೆಕೆಂಡ್ ಹಿಡಿಯಿತು. ಎರಡು ಗಂಟೆ ಮುಗಿದಾಗ 111 ಕೇಸ್ ಆಗಿತ್ತು. ಪೂರ್ತಿ 300ಕ್ಕೆ ಐದು ಗಂಟೆ 24 ನಿಮಿಷ ಬೇಕಿತ್ತು.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ. 61 ಪಟ್ಟು ಅನ್ನುವುದು 64 ಪಟ್ಟು ಉದ್ದದ ಗ್ರಿಡ್ಡಿನ ವೇಗ. ನಾನು ಭಾಗಿಸಿದ 1000 ಸೆಕೆಂಡ್ ಚಿಕ್ಕ ಗ್ರಿಡ್ಡಿನದು. ಒಂದು ಸಮಸ್ಯೆಯ ವೇಗದಿಂದ ಇನ್ನೊಂದು ಸಮಸ್ಯೆಯ ಸಮಯವನ್ನು ಭಾಗಿಸಿಬಿಟ್ಟೆ. ಸೀರಿಯಲ್ ಭಾಗವೊಂದೇ 50 ಸೆಕೆಂಡ್ ಇರುವಾಗ ಇಡೀ ಕೇಸ್ 16 ಸೆಕೆಂಡಿಗೆ ಹೇಗೆ ಮುಗಿಯುತ್ತದೆ ಎಂದು ಒಮ್ಮೆ ಕೇಳಿಕೊಂಡಿದ್ದರೆ ಸಾಕಿತ್ತು. ನಾನು ಕೇಳಿಕೊಳ್ಳಲಿಲ್ಲ, ಯಾಕಂದ್ರೆ ನನ್ನ ಬಳಿ ಇದ್ದದ್ದು 5% ಅನ್ನುವ ಶೇಕಡಾ, 50 ಸೆಕೆಂಡ್ ಅನ್ನುವ ಸಮಯವಲ್ಲ. ಶೇಕಡಾ ಬರೆಯುವಾಗ ಯಾವುದರ ಶೇಕಡಾ ಅನ್ನುವುದು ಕಳೆದುಹೋಗುತ್ತದೆ.

ಈಗ ಚಿಕ್ಕ ಗ್ರಿಡ್ಡನ್ನು ಸರಿಯಾಗಿ ಲೆಕ್ಕ ಹಾಕೋಣ. 50 ಸೆಕೆಂಡ್ ಹಾಗೇ ಉಳಿಯುತ್ತದೆ. 950 ಅನ್ನು 64 ಜನ ಹಂಚಿಕೊಂಡರೆ 14.8. ಒಟ್ಟು 64.8 ಸೆಕೆಂಡ್. ಆಮ್ಡಾಲ್ ಸೂತ್ರ ಹೇಳುವುದೂ ಇದನ್ನೇ:

```
S = 1 / (s + (1 - s)/N)
S = 1 / (0.05 + 0.95/64) = 15.4
```

ಈ ಚಿಕ್ಕ ಗ್ರಿಡ್ಡಿನ 64 ಕೋರ್ ರನ್‌ನಲ್ಲಿ ಸೀರಿಯಲ್ ಪಾಲು ಎಷ್ಟು? 64.8ರಲ್ಲಿ 50, ಅಂದರೆ 77.1%. ಅದನ್ನು ಗುಸ್ತಾಫ್ಸನ್ ಸೂತ್ರಕ್ಕೆ ಹಾಕಿ: 64 - 63 × 0.771. ಉತ್ತರ 15.4. ಅದೇ ಸಂಖ್ಯೆ! ತಿರುಗಿಸಿಯೂ ನೋಡಿ. ಉದ್ದದ ಗ್ರಿಡ್ಡನ್ನು ಒಂದು ಕೋರ್ ಮೇಲೆ ಓಡಿಸಿದರೆ ಸೀರಿಯಲ್ ಪಾಲು 60,850ರಲ್ಲಿ 50, ಅಂದರೆ 0.082%. ಅದನ್ನು ಆಮ್ಡಾಲ್ ಸೂತ್ರಕ್ಕೆ ಹಾಕಿದರೆ 60.85 ಬರುತ್ತದೆ.

ಹಾಗಾಗಿ ಯಾವ ಸೂತ್ರ ನಂಬಲಿ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಒಂದೇ ಲೆಕ್ಕ. ಆಮ್ಡಾಲ್ ಸೂತ್ರದ `s` ಒಂದು ಕೋರ್ ಮೇಲಿನ ರನ್‌ನಲ್ಲಿ ಅಳೆದ ಪಾಲು. ಗುಸ್ತಾಫ್ಸನ್ ಸೂತ್ರದ `s'` ಎಲ್ಲ N ಕೋರ್ ಮೇಲಿನ ರನ್‌ನಲ್ಲಿ ಅಳೆದ ಪಾಲು. ಒಂದೇ 5% ಅನ್ನು ಎರಡಕ್ಕೂ ಹಾಕಿ ಹೋಲಿಸಿದರೆ ನೀವು ಎರಡು ಬೇರೆ ಸಮಸ್ಯೆಗಳನ್ನು ಹೋಲಿಸಿದ ಹಾಗೆ. ನಿಮ್ಮ 5% ಎರಡರಲ್ಲಿ ಯಾವುದು ಎಂದು ನೀವು ಬರೆದಿಲ್ಲ.

ಗುಸ್ತಾಫ್ಸನ್ ಹೇಳಿದ್ದೂ ಆಮ್ಡಾಲ್ ತಪ್ಪು ಅಂತಲ್ಲ, ಸಮಸ್ಯೆಯ ಗಾತ್ರ ಬದಲಾಗುವುದಿಲ್ಲ ಅನ್ನುವ ಊಹೆ ತಪ್ಪು ಅಂತ. ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಲ್ಲಿ ಕೆಲಸ ಅಷ್ಟೇ ಇರುತ್ತದೆ, ಪ್ರೊಸೆಸರ್ ಮಾತ್ರ ಹೆಚ್ಚುತ್ತವೆ. 1988ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯದ ಗುಸ್ತಾಫ್ಸನ್ ಮತ್ತು ಜೊತೆಯವರು 1024 ಪ್ರೊಸೆಸರ್‌ಗಳ ಯಂತ್ರದ ಮೇಲೆ ಮೂರು ನಿಜವಾದ ಸಮಸ್ಯೆಗಳನ್ನು ಓಡಿಸಿ ತೋರಿಸಿದರು. ಪ್ರೊಸೆಸರ್ ಜೊತೆ ಸಮಸ್ಯೆಯನ್ನೂ ಬೆಳೆಸಿದಾಗ ಸ್ಪೀಡಪ್ 1000 ದಾಟಿತು. ಅದೇ ಕೆಲಸದಲ್ಲಿ ಗಾತ್ರ ಬದಲಿಸದೆ ಅಳೆದಾಗ 500ರಿಂದ 640ರ ನಡುವೆ ಬಂತು. ದೊಡ್ಡ ಯಂತ್ರ ಸಿಕ್ಕರೆ ಜನ ಹಳೆಯ ಲೆಕ್ಕವನ್ನೇ ಬೇಗ ಮುಗಿಸುವುದಿಲ್ಲ, ಅಷ್ಟೇ ಹೊತ್ತಿನಲ್ಲಿ ದೊಡ್ಡ ಲೆಕ್ಕ ಮಾಡುತ್ತಾರೆ ಅನ್ನುವುದು ಅವರ ಮಾತು. ಬಹಳ ಕಡೆ ಅದು ನಿಜ. ನಮ್ಮ 300 ಕೇಸಿಗೆ ಮಾತ್ರ ನಿಜವಾಗಿರಲಿಲ್ಲ. ನಮಗೆ ಉದ್ದದ ಗ್ರಿಡ್ ಬೇಕಾಗಿಯೇ ಇರಲಿಲ್ಲ.

ನಿಮಗೆ ದೊಡ್ಡ ಸಮಸ್ಯೆಯೇ ಬೇಕು ಅಂದುಕೊಳ್ಳೋಣ. ಆಗಲೂ 61 ಸುಮ್ನೆ ಸಿಗುವುದಿಲ್ಲ. ನಾನು ಮೊದಲ ತುಂಡನ್ನು ಮಾತ್ರ ಬರೆಸಿದ್ದೆ ಅಲ್ವಾ? ಆಮೇಲೊಮ್ಮೆ ಪೂರ್ತಿ ಫಲಿತಾಂಶ ಬರೆಸಿದೆ. ಆ 40 ಸೆಕೆಂಡ್ ಕೂಡ 64 ಪಟ್ಟಾಗಿ 2560 ಸೆಕೆಂಡ್ ಆಯಿತು, ಯಾಕಂದ್ರೆ ಬರೆಯುವವನು ಇನ್ನೂ ಒಬ್ಬನೇ. ಒಟ್ಟು 10 + 2560 + 950 = 3520 ಸೆಕೆಂಡ್. ಸ್ಪೀಡಪ್ 18ಕ್ಕೆ ಇಳಿಯಿತು. ಗುಸ್ತಾಫ್ಸನ್ ಸೂತ್ರದ ಭರವಸೆ ನಿಂತಿರುವುದು ಸಮಸ್ಯೆ ಬೆಳೆದರೂ ಸೀರಿಯಲ್ ಸಮಯ ಬೆಳೆಯುವುದಿಲ್ಲ ಅನ್ನುವುದರ ಮೇಲೆ. ನಮ್ಮಲ್ಲಿ ಗ್ರಿಡ್ ಸಿದ್ಧಮಾಡುವ 10 ಸೆಕೆಂಡ್ ಬೆಳೆಯಲಿಲ್ಲ, ಬರೆಯುವ 40 ಬೆಳೆಯಿತು. ಎಲ್ಲ ಪ್ರೊಸೆಸ್‌ಗಳೂ ಒಟ್ಟಿಗೆ ಬರೆಯುವ ಹಾಗೆ ಬದಲಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು, ಆದರೆ ಅದು ಕೋಡ್ ಬದಲಿಸಿ ಬಂದದ್ದು, ಕೋರ್ ಸೇರಿಸಿ ಬಂದದ್ದಲ್ಲ.

ಇನ್ನೊಂದು ವಿಷಯ. ನಾನು ಗ್ರಿಡ್ಡನ್ನು ಉದ್ದ ಮಾಡಿದ್ದೆ, ಸೂಕ್ಷ್ಮ ಮಾಡಿರಲಿಲ್ಲ. ಜನರಿಗೆ ಸಾಮಾನ್ಯವಾಗಿ ಬೇಕಾಗುವುದು ಸೂಕ್ಷ್ಮ ಗ್ರಿಡ್. ಮೂರೂ ದಿಕ್ಕಿನಲ್ಲಿ ಬಿಂದುಗಳನ್ನು ಎರಡು ಪಟ್ಟು ಮಾಡಿದರೆ ಬಿಂದುಗಳು 8 ಪಟ್ಟು. ಆದರೆ ನಮ್ಮಂಥ ಅಲೆಯ ಲೆಕ್ಕದಲ್ಲಿ ಗ್ರಿಡ್ಡಿನ ಅಂತರ ಅರ್ಧವಾದರೆ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲದಿದ್ದರೆ ಲೆಕ್ಕ ಹತೋಟಿ ತಪ್ಪಿ ಸಂಖ್ಯೆಗಳು ಸಿಡಿಯುತ್ತವೆ. ಹಾಗಾಗಿ ಕೆಲಸ 16 ಪಟ್ಟು. ನಾಲ್ಕು ಪಟ್ಟು ಸೂಕ್ಷ್ಮ ಮಾಡಿದರೆ ಬಿಂದುಗಳು 64 ಪಟ್ಟು, ಕೆಲಸ 256 ಪಟ್ಟು. 64 ಕೋರ್‌ಗೆ ಮೆಮೊರಿ ಸರಿಯಾಗಿ ಸಾಕಾಗುತ್ತದೆ, ಸಮಯ ಮಾತ್ರ ನಾಲ್ಕು ಪಟ್ಟಾಗುತ್ತದೆ. ಮೆಮೊರಿ ತುಂಬುವಷ್ಟು ಬೆಳೆಸುವುದು ಬೇರೆ, ಅಷ್ಟೇ ಸಮಯದಲ್ಲಿ ಮುಗಿಯುವಷ್ಟು ಬೆಳೆಸುವುದು ಬೇರೆ. ಗುಸ್ತಾಫ್ಸನ್ ಸೂತ್ರ ಹೇಳುವುದು ಎರಡನೆಯದನ್ನು.

ಆ 300 ಕೇಸುಗಳನ್ನು ಕೊನೆಗೆ ಮುಗಿಸಿದ್ದು ಹೇಗೆ ಗೊತ್ತಾ? ಕೇಸ್ ಒಳಗೆ ಹಂಚುವುದನ್ನೇ ಬಿಟ್ಟೆವು. ಒಂದೊಂದು ಕೋರ್‌ಗೆ ಒಂದೊಂದು ಪೂರ್ತಿ ಕೇಸ್ ಕೊಟ್ಟೆವು. ಒಮ್ಮೆಗೆ 64 ಕೇಸ್, ಹೀಗೆ ಐದು ಸುತ್ತು, ಲೆಕ್ಕಕ್ಕೆ 5000 ಸೆಕೆಂಡ್. ಒಂದೂವರೆ ಗಂಟೆಯೊಳಗೆ! ನಾನು ಮೊದಲು ಮಾತು ಕೊಟ್ಟಷ್ಟೇ ಸಮಯ. ಇದಕ್ಕೆ 64 ಕೇಸಿನ ಮೆಮೊರಿ ಒಟ್ಟಿಗೆ ಹಿಡಿಸಬೇಕು. ಎಲ್ಲವೂ ಒಂದೇ ಹೊತ್ತಿಗೆ ಡಿಸ್ಕಿಗೆ ಮುಗಿಬಿದ್ದರೆ ಬರೆಯುವುದು ನಿಧಾನವಾಗುತ್ತದೆ, ಅದಕ್ಕೆ ಕೇಸುಗಳನ್ನು ಸ್ವಲ್ಪ ಸ್ವಲ್ಪ ಅಂತರ ಬಿಟ್ಟು ಶುರುಮಾಡಿದೆವು. ಯೋಚಿಸಿದರೆ ಇದೂ ಕೋರ್ ಜೊತೆ ಬೆಳೆದ ಸಮಸ್ಯೆಯೇ. ಬೆಳೆದದ್ದು ಗ್ರಿಡ್ ಅಲ್ಲ, ಕೇಸುಗಳ ಸಂಖ್ಯೆ.

ನೀವು ಮಾಡಬೇಕಾದದ್ದು ಇಷ್ಟು. ನಿಮಗೆ ನಿಜವಾಗಿ ಬೇಕಾದ ಗಾತ್ರದ ಸಮಸ್ಯೆಯನ್ನೇ ತೆಗೆದುಕೊಂಡು 1, 8, 16 ಕೋರ್ ಮೇಲೆ ಓಡಿಸಿ. ಸೀರಿಯಲ್ ಭಾಗವನ್ನು ಸೆಕೆಂಡಿನಲ್ಲಿ ಬರೆದಿಡಿ, ಶೇಕಡಾದಲ್ಲಿ ಬೇಡ. ಕೋರ್ ಹೆಚ್ಚಿದಾಗ ಆ ಸೆಕೆಂಡುಗಳೂ ಏರುತ್ತಿದ್ದರೆ ಕೋರ್‌ಗಳ ನಡುವಿನ ಕಾಯುವಿಕೆ ಅದರೊಳಗೆ ಸೇರಿದೆ ಎಂದರ್ಥ. ಆಮೇಲೆ ಸಮಸ್ಯೆಯನ್ನು ಎರಡು ಪಟ್ಟು ಮಾಡಿ, ಫಲಿತಾಂಶವನ್ನು ಪೂರ್ತಿ ಬರೆಸಿ, ಅದೇ ಸೆಕೆಂಡುಗಳನ್ನು ಮತ್ತೆ ನೋಡಿ.

ನಿಮ್ಮ 5% ಒಂದು ಕೋರ್ ಮೇಲೆ ಅಳೆದದ್ದಾಗಿದ್ದು, ಸಮಸ್ಯೆಯ ಗಾತ್ರ ಬದಲಾಗುವುದಿಲ್ಲ ಅಂತಾದರೆ, 64 ಕೋರ್ ತಗೋಬೇಡಿ. ನಮ್ಮ ಕೇಸ್ 32 ಕೋರ್ ಮೇಲೆ ಸುಮಾರು 80 ಸೆಕೆಂಡ್, 64ರ ಮೇಲೆ 65. ಇನ್ನೂ 32 ಕೋರ್ ಸೇರಿಸಿದ್ದಕ್ಕೆ ಸಿಕ್ಕಿದ್ದು 15 ಸೆಕೆಂಡ್. ಒಬ್ಬನೇ ಬರೆಯುತ್ತಿದ್ದ ಆ 40 ಸೆಕೆಂಡನ್ನು ಅರ್ಧಕ್ಕೆ ಇಳಿಸಿದ್ದರೆ 32 ಕೋರ್ ಮೇಲೆಯೇ 60 ಸೆಕೆಂಡಿಗೆ ಮುಗಿಯುತ್ತಿತ್ತು.