ಬೋರ್ಡ್ ಬದಲಿಸಬೇಕಾ, ಬಯಾಸ್ ಸೆಟ್ಟಿಂಗ್ ಸಾಕಾ?

ಪ್ರಶ್ನೆ: ನಂದು ರೈಜನ್ 5 5600, ಬಿ450 ಬೋರ್ಡ್, 8 ಜಿಬಿಯ ಆರ್‌ಟಿಎಕ್ಸ್ 4060. ಮೈಸೂರಿನ ಅಂಗಡಿಯವರು "ನಿಮ್ಮ ಕಾರ್ಡ್ ಅರ್ಧ ಸ್ಪೀಡಲ್ಲಿ ಓಡ್ತಿದೆ, ಬಿ550 ಬೋರ್ಡ್ ಹಾಕಿಸಿ" ಅಂತಾರೆ. ನನ್ನ ಗೆಳೆಯ "ಸುಮ್ನೆ ರೀಸೈಜಬಲ್ ಬಾರ್ ಆನ್ ಮಾಡು, 20% ಎಫ್‌ಪಿಎಸ್ ಜಾಸ್ತಿ ಬರುತ್ತೆ" ಅಂತಾನೆ. ಜಿಪಿಯು-ಝಡ್‌ನಲ್ಲಿ ನೋಡಿದ್ರೆ x8 1.1 ಅಂತ ತೋರಿಸ್ತಿದೆ! ಅವನ ಹತ್ರ ಇದೇ ಬೋರ್ಡ್, ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಇದೆ. ಇಬ್ಬರೂ ಏನು ಮಾಡಬೇಕು ಹೇಳಿ ಸರ್.
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಆ 1.1 ನೋಡಿ ಗಾಬರಿಯಾಗಬೇಡಿ. ಕೆಲಸ ಇಲ್ಲದಾಗ ಕರೆಂಟ್ ಉಳಿಸೋಕೆ ಕಾರ್ಡ್ ಬೋರ್ಡಿನ ಜೊತೆಗಿನ ತನ್ನ ಪಿಸಿಐಇ ಲಿಂಕನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಜಿಪಿಯು-ಝಡ್‌ನಲ್ಲಿ `Bus Interface` ಸಾಲಿನ ಪಕ್ಕ ಒಂದು `?` ಗುಂಡಿ ಇದೆ. ಅದನ್ನು ಒತ್ತಿ `Start Render Test` ಕೊಡಿ. ಕಾರ್ಡಿಗೆ ಕೆಲಸ ಬಿದ್ದ ಕೂಡಲೇ `@` ಗುರುತಿನ ಮುಂದೆ `x8 3.0` ಅಂತ ಬರಬೇಕು. ಬಂದರೆ ನಿಮ್ಮ ಬೋರ್ಡ್ ತನ್ನಿಂದ ಆಗುವಷ್ಟನ್ನು ಪೂರ್ತಿ ಕೊಡುತ್ತಿದೆ ಅಂತ ಅರ್ಥ. x8 ಅಂದರೆ ಮಾಹಿತಿ ಓಡಾಡುವ ಎಂಟು ದಾರಿ, ಅಂದರೆ ಎಂಟು ಲೇನ್, ಅದೂ ದೋಷವಲ್ಲ. ಸ್ಲಾಟ್ 16 ಲೇನಿನದ್ದಾದರೂ 4060 ಬಳಸುವುದು ಎಂಟೇ ಲೇನ್.

ಟೆಸ್ಟ್ ನಡೆಯುತ್ತಿರುವಾಗಲೂ `x4 2.0` ಅಂತಲೇ ಇದ್ದರೆ ಮಾತ್ರ ಕ್ಯಾಬಿನೆಟ್ ತೆಗೆದು ನೋಡಿ. ಅನೇಕ ಬಿ450 ಬೋರ್ಡುಗಳಲ್ಲಿ ಎರಡು ಉದ್ದನೆಯ ಸ್ಲಾಟ್ ಇರುತ್ತವೆ. ಮೇಲಿನದು ನೇರ ಪ್ರೊಸೆಸರಿಗೆ ಸೇರಿದ್ದು. ಕೆಳಗಿನದು ಚಿಪ್‌ಸೆಟ್ ಮೂಲಕ ಹೋಗುತ್ತದೆ, ಅದರಲ್ಲಿ ನಾಲ್ಕೇ ಲೇನ್, ಅದೂ ಪಿಸಿಐಇ 2.0. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಟಾರ್ಚ್ ಹಿಡಿದು ಖಾಲಿ ಸ್ಲಾಟಿನ ಒಳಗೆ ನೋಡಿದರೆ ಎಷ್ಟೋ ಬೋರ್ಡುಗಳಲ್ಲಿ ಕೆಳಗಿನದಕ್ಕೆ ಪಿನ್ನುಗಳು ಸ್ವಲ್ಪ ದೂರ ಬಂದು ನಿಂತುಬಿಟ್ಟಿರುತ್ತವೆ. ಕಾರ್ಡ್ ಅಲ್ಲಿ ಕೂತಿದ್ದರೆ ಸೆಕೆಂಡಿಗೆ ಸುಮಾರು 2 ಜಿಬಿ ಮಾತ್ರ ಸಾಗುತ್ತದೆ, ಆಟದಲ್ಲಿ ಅದು ಗೊತ್ತಾಗುತ್ತದೆ. ಮೇಲಿನ ಸ್ಲಾಟಿಗೆ ಹಾಕಿದರೆ ಮುಗಿಯಿತು. ಮೇಲಿನ ಸ್ಲಾಟಿನಲ್ಲಿದ್ದೂ ಲೇನ್ ಕಮ್ಮಿ ತೋರಿಸಿದರೆ, ಕಾರ್ಡ್ ತೆಗೆದು ಕೊನೆಯ ಲಾಕ್ ಟಕ್ ಅನ್ನುವ ತನಕ ಒತ್ತಿ ಕೂರಿಸಿ.

ಇನ್ನು ಅಂಗಡಿಯವರ ಮಾತು. ಲಿಂಕಿನ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಪಿಸಿಐಇ 3.0ರಲ್ಲಿ ಒಂದು ಲೇನಿಗೆ ಸೆಕೆಂಡಿಗೆ ಹತ್ತಿರ ಹತ್ತಿರ 1 ಜಿಬಿ, ಎಂಟು ಲೇನಿಗೆ 8 ಜಿಬಿ. 4.0ರಲ್ಲಿ ಅದರ ಎರಡರಷ್ಟು, 16 ಜಿಬಿ. ನಿಮ್ಮ 5600 ಪ್ರೊಸೆಸರಿಗೆ 4.0 ಬರುತ್ತದೆ, ಬಿ450 ಬೋರ್ಡಿಗೆ ಬರುವುದಿಲ್ಲ. ಆದರೆ ಲಿಂಕ್ ಅರ್ಧವಾದರೆ ಆಟವೂ ಅರ್ಧವಾಗುತ್ತದೆ ಅನ್ನುವುದು ತಪ್ಪು. ಆಟಕ್ಕೆ ಬೇಕಾದ ಟೆಕ್ಸ್‌ಚರ್, ಮಾಡೆಲ್ ಎಲ್ಲ ಒಮ್ಮೆ ಕಾರ್ಡಿನ ಸ್ವಂತ ಮೆಮೊರಿಗೆ ಬಂದು ಕೂತ ಮೇಲೆ ಕಾರ್ಡ್ ಅಲ್ಲಿಂದಲೇ ಓದಿಕೊಳ್ಳುತ್ತದೆ. 4060ರಲ್ಲಿ ಆ ವೇಗ ಸೆಕೆಂಡಿಗೆ 272 ಜಿಬಿ. ಆಮೇಲೆ ಸ್ಲಾಟಿನಲ್ಲಿ ಓಡಾಡುವುದು ಮುಖ್ಯವಾಗಿ ಪ್ರೊಸೆಸರಿನ ಆದೇಶ, ಆಗಾಗ ಬರುವ ಹೊಸ ಸಾಮಾನು. ಅಷ್ಟಕ್ಕೆ 8 ಜಿಬಿ ಸಾಕು. ಹಾಗಾಗಿಯೇ ಮೆಮೊರಿ ತುಂಬದ ಆಟಗಳಲ್ಲಿ 3.0ಕ್ಕೂ 4.0ಕ್ಕೂ ಸಾಮಾನ್ಯವಾಗಿ ಕೆಲವೇ ಶೇಕಡಾ ವ್ಯತ್ಯಾಸ.

ಮೆಮೊರಿ ತುಂಬಿದಾಗ ಕಥೆ ಬೇರೆ. 8 ಜಿಬಿಯಲ್ಲಿ ಹಿಡಿಸದೆ ಉಳಿದದ್ದನ್ನು ವಿಂಡೋಸ್ ಕಂಪ್ಯೂಟರಿನ ಸಾಮಾನ್ಯ ರ‍್ಯಾಮಿನಲ್ಲಿ ಇಡುತ್ತದೆ. ಬೇಕಾದಾಗಲೆಲ್ಲ ಅದು ಸ್ಲಾಟ್ ದಾಟಿ ಬರಬೇಕು. ಒಂದು ಸರಳ ಲೆಕ್ಕ ಹಾಕೋಣ. 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ನಿಮ್ಮ ಈಗಿನ ಲಿಂಕಿನಲ್ಲಿ ಸುಮಾರು 130 ಎಂಬಿ ಬರಬಹುದು, 4.0 ಆದರೆ ಸುಮಾರು 260. ಒಂದು ಫ್ರೇಮಿಗೆ ಹೊರಗಿನಿಂದ 300 ಎಂಬಿ ತರಬೇಕಾಯಿತು ಅಂತಿಟ್ಟುಕೊಳ್ಳಿ. 3.0ರಲ್ಲಿ ಸುಮಾರು 38 ಮಿಲಿಸೆಕೆಂಡ್ ಹಿಡಿಯುತ್ತದೆ, ಆಟ ಎದ್ದು ಕಾಣುವಂತೆ ತಡವರಿಸುತ್ತದೆ. 4.0ರಲ್ಲಿ 19 ಮಿಲಿಸೆಕೆಂಡ್. ಎಷ್ಟೋ ವಾಸಿ, ಆದರೂ 16.7ರೊಳಗೆ ಬರಲಿಲ್ಲ, ಅಲ್ವಾ? ಅಂದರೆ ಹೊಸ ಬೋರ್ಡ್ ತಡವರಿಕೆಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಟೆಕ್ಸ್‌ಚರ್ ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸಿದರೆ ಹೊರಗಿನಿಂದ ತರುವ ಆ 300 ಎಂಬಿಯೇ ಇಲ್ಲವಾಗುತ್ತದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಿಮ್ಮ ಆಟದಲ್ಲಿ ಹೀಗಾಗುತ್ತಿದೆಯಾ ಅಂತ ತಿಳಿಯುವುದು ಸುಲಭ. ಆಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು `Performance`ನಲ್ಲಿ ಜಿಪಿಯು ಆರಿಸಿ. `Dedicated GPU memory` 8 ಜಿಬಿಯ ಅಂಚಿಗೆ ಹೋಗಿ ನಿಂತು, `Shared GPU memory` ಒಂದು, ಒಂದೂವರೆ ಜಿಬಿ ದಾಟಿ ಏರುತ್ತಾ ಹೋದರೆ ಮೆಮೊರಿ ಉಕ್ಕುತ್ತಿದೆ. `Shared` ಕೆಲವು ನೂರು ಎಂಬಿ ಇರುವುದು ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ಊರಿನ ಬೀದಿಗೆ ತಿರುಗಿದಾಗ, ಹೊಸ ಜಾಗಕ್ಕೆ ಕಾಲಿಟ್ಟಾಗ ಆಟ ಗಕ್ಕನೆ ನಿಲ್ಲುವುದು ಇದರ ಲಕ್ಷಣ.

ಈಗ ರೀಸೈಜಬಲ್ ಬಾರ್. ಇದು ಲಿಂಕಿನ ವೇಗವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಕಾರ್ಡಿನ ಮೆಮೊರಿಯಲ್ಲಿ ಪ್ರೊಸೆಸರಿಗೆ ನೇರವಾಗಿ ಕೈಗೆಟುಕುವುದು ಹಿಂದಿನಿಂದಲೂ 256 ಎಂಬಿಯ ಒಂದು ಕಿಟಕಿಯಷ್ಟು ಜಾಗ. ಹಾಗಾಗಿ ದೊಡ್ಡ ಸಾಮಾನನ್ನು ಮೊದಲು ರ‍್ಯಾಮಿನಲ್ಲಿಟ್ಟು, ಅಲ್ಲಿಂದ ಕಾರ್ಡ್ ನಕಲು ಮಾಡಿಕೊಳ್ಳುವಂತೆ ಡ್ರೈವರ್ ಏರ್ಪಾಡು ಮಾಡುತ್ತದೆ. ರೀಸೈಜಬಲ್ ಬಾರ್ ಆನ್ ಆದರೆ ಆ ಕಿಟಕಿ ಪೂರ್ತಿ 8 ಜಿಬಿಯಷ್ಟಾಗುತ್ತದೆ. ಫ್ರೇಮಿನಿಂದ ಫ್ರೇಮಿಗೆ ಬದಲಾಗುವ ಮಾಹಿತಿಯನ್ನು ಪ್ರೊಸೆಸರ್ ನೇರವಾಗಿ ಕಾರ್ಡಿನ ಮೆಮೊರಿಯಲ್ಲೇ ಬರೆಯಬಹುದು, ಒಂದು ಸುತ್ತು ತಪ್ಪುತ್ತದೆ. ಯಾವ ಆಟದಲ್ಲಿ ಇಂಥ ಬರವಣಿಗೆ ಜಾಸ್ತಿಯೋ ಅಲ್ಲಿ ಲಾಭ. ಕೆಲವು ಆಟಗಳಲ್ಲಿ 10% ದಾಟುತ್ತದೆ, ಬಹಳಷ್ಟರಲ್ಲಿ ಒಂದರಿಂದ ನಾಲ್ಕೈದು ಶೇಕಡಾ, ಕೆಲವದರಲ್ಲಿ ಏನೂ ಇಲ್ಲ. ಅಪರೂಪಕ್ಕೆ ಒಂದೆರಡರಲ್ಲಿ ಕಮ್ಮಿಯೂ ಆಗುತ್ತದೆ. ಅದಕ್ಕೇ ಎನ್‌ವಿಡಿಯಾ ತಾನು ಪರೀಕ್ಷಿಸಿದ ಆಟಗಳಿಗೆ ಮಾತ್ರ ಡ್ರೈವರಿನಲ್ಲಿ ಇದನ್ನು ಬಳಸುತ್ತದೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2 ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿಲ್ಲದ ಆಟಕ್ಕೆ ನೀವು ಆನ್ ಮಾಡಿದ್ದರೂ ಅದು ಸುಮ್ನೆ ಕೂತಿರುತ್ತದೆ. ಎಲ್ಲ ಆಟಕ್ಕೂ 20% ಅನ್ನುವುದು ನಿಮ್ಮ ಕಾರ್ಡಿನಲ್ಲಿ ಆಗದ ಮಾತು. ಇಂಟೆಲ್ ಆರ್ಕ್ ಕಾರ್ಡ್ ಇದ್ದಿದ್ದರೆ ನಾನು ಬೇರೆ ಹೇಳುತ್ತಿದ್ದೆ. ಆ ಕಾರ್ಡುಗಳು ಇದಿಲ್ಲದೆ ತುಂಬಾ ಸೊರಗುತ್ತವೆ.

ಆದರೂ ಆನ್ ಮಾಡಿ, ಬಿಟ್ಟಿ ಸಿಗುವುದನ್ನು ಬಿಡುವುದೇಕೆ? ಕ್ರಮ ಮಾತ್ರ ತಪ್ಪಬೇಡಿ. ಮೊದಲು `msinfo32` ತೆರೆದು `BIOS Mode` ಏನಿದೆ ನೋಡಿ. `UEFI` ಇದ್ದರೆ ಸರಿ. ಹಳೇ ಕಂಪ್ಯೂಟರಿನ ಡಿಸ್ಕನ್ನೇ ತಂದು ಹಾಕಿಕೊಂಡವರಲ್ಲಿ `Legacy` ಇರುವುದುಂಟು. ಹಾಗಿದ್ದು ನೀವು ನೇರ ಬಯಾಸಿಗೆ ಹೋಗಿ, ಆ ಹಳೇ ರೀತಿಯಲ್ಲಿ ಬೂಟ್ ಆಗಲು ಬಿಡುವ `CSM` ಆಫ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಹಾಗೇನಾದರೂ ಆದರೆ ಹೆದರಬೇಡಿ, `CSM` ಮತ್ತೆ ಆನ್ ಮಾಡಿದರೆ ವಾಪಸ್ ಬರುತ್ತದೆ. `Legacy` ಇರುವವರು ಮುಖ್ಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಬೇಕು:

```
mbr2gpt /validate /allowFullOS
mbr2gpt /convert /allowFullOS
```

ಮೊದಲ ಸಾಲು ಯಾವ ತಕರಾರೂ ಇಲ್ಲದೆ ಮುಗಿದರೆ ಮಾತ್ರ ಎರಡನೆಯದು. ಬಿಟ್‌ಲಾಕರ್ ಇದ್ದರೆ ಅದಕ್ಕೂ ಮೊದಲೇ ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಆಮೇಲೆ ಬಯಾಸಿನಲ್ಲಿ `CSM` ಅನ್ನು `Disabled`, `Above 4G Decoding` ಅನ್ನು `Enabled`, `Re-Size BAR Support` ಅನ್ನು `Enabled` ಅಥವಾ `Auto` ಮಾಡಿ. ಕೊನೆಯದು ಕಾಣಿಸದಿದ್ದರೆ ಬೋರ್ಡಿನ ಕಂಪನಿ ಸೈಟಿನಿಂದ ಹೊಸ ಬಯಾಸ್ ಹಾಕಬೇಕು. ಮಂಡ್ಯದಲ್ಲಿ ಯಾವಾಗ ಕರೆಂಟ್ ಹೋಗುತ್ತದೆ ಅಂತ ನಿಮಗೇ ಗೊತ್ತು. ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟಿಗೆ ಕೈ ಹಾಕಲೇಬೇಡಿ, ಮಧ್ಯದಲ್ಲಿ ನಿಂತರೆ ಬೋರ್ಡೇ ಏಳದಂತಾಗಬಹುದು.

ಆನ್ ಆಗಿದೆಯಾ ಅಂತ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಡಿ:

```
nvidia-smi -q -d MEMORY
```

`BAR1 Memory Usage` ಕೆಳಗೆ `Total` ಎದುರು 256 MiB ಇದ್ದರೆ ಆಗಿಲ್ಲ, 8192 MiB ಇದ್ದರೆ ಆಗಿದೆ. ಇದನ್ನು ಆಗಾಗ ನೋಡುತ್ತಿರಿ. ಬಯಾಸ್ ಅಪ್‌ಡೇಟ್ ಆದಾಗ, ಬೋರ್ಡಿನ ಬ್ಯಾಟರಿ ಹೋದಾಗ ಸೆಟ್ಟಿಂಗ್ ಮೊದಲಿನಂತಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಲಾಭ ಅಳೆಯಬೇಕಾದರೆ ಬೆಂಚ್‌ಮಾರ್ಕ್ ಇರುವ ಆಟವನ್ನೇ ತೆಗೆದುಕೊಳ್ಳಿ. ಆನ್ ಮಾಡಿ ಮೂರು ಸಲ, ಆಫ್ ಮಾಡಿ ಮೂರು ಸಲ ಓಡಿಸಿ, ಎರಡರಲ್ಲೂ ಮೊದಲ ಸಲದ್ದನ್ನು ಬಿಟ್ಟುಬಿಡಿ. ಒಂದೇ ಸೆಟ್ಟಿಂಗಿನಲ್ಲೂ ಒಂದು ಓಟಕ್ಕೂ ಇನ್ನೊಂದಕ್ಕೂ ಎರಡು ಶೇಕಡಾ ಹೆಚ್ಚುಕಡಿಮೆ ಬರುತ್ತದೆ, ಅಷ್ಟನ್ನು ಲಾಭ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಒಟ್ಟಿನಲ್ಲಿ ನಿಮಗೆ ಬೋರ್ಡ್ ಬೇಡ. ನಿಮ್ಮ ಗೆಳೆಯರ ವಿಷಯ ಬೇರೆ, ಸ್ಲಾಟಿನ ಚಿಂತೆ ನಿಜವಾಗಿ ಇರಬೇಕಾದ್ದು ಅವರಿಗೆ. 2022ರ ಜನವರಿಯಲ್ಲಿ ಬಂದ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ಮಾಮೂಲಿ ಮಾದರಿಯಲ್ಲಿ ಮೆಮೊರಿಯೂ 4 ಜಿಬಿ ಮಾತ್ರ. ಬಿ450ರಲ್ಲಿ ಅದಕ್ಕೆ ಸಿಗುವುದು ಸೆಕೆಂಡಿಗೆ 4 ಜಿಬಿಗಿಂತ ಕಮ್ಮಿ, 60 ಎಫ್‌ಪಿಎಸ್‌ನಲ್ಲಿ ಫ್ರೇಮಿಗೆ ಸುಮಾರು 65 ಎಂಬಿ. ಇವತ್ತಿನ ಆಟಗಳಲ್ಲಿ 4 ಜಿಬಿ ಬೇಗ ತುಂಬುತ್ತದೆ, ತುಂಬಿದ ಮೇಲೆ ದಾರಿಯೂ ಇಕ್ಕಟ್ಟು. ಅವರು ಟೆಕ್ಸ್‌ಚರನ್ನು ಮೀಡಿಯಂ ಅಥವಾ ಲೋನಲ್ಲಿಟ್ಟು ಮೆಮೊರಿ ತುಂಬದ ಹಾಗೆ ನೋಡಿಕೊಂಡರೆ ನಷ್ಟ ಬಹಳ ಕಡಿಮೆಯಾಗುತ್ತದೆ. ಬೋರ್ಡ್ ಬದಲಿಸಿದರೆ ಅವರಿಗೆ ಲಾಭ ಖಂಡಿತ ಇದೆ, ಆದರೆ ಪ್ರೊಸೆಸರ್ ಯಾವುದು ಅಂತ ಮೊದಲು ನೋಡಲಿ. 5600 ಆದರೆ 4.0 ಸಿಗುತ್ತದೆ. 5600ಜಿ ಆದರೆ ಅದು ಬಿ550 ಬೋರ್ಡಿನಲ್ಲೂ 3.0 ದಾಟುವುದಿಲ್ಲ, ಕೊಟ್ಟ ದುಡ್ಡು ದಂಡ. ಯಾವುದೇ ಇರಲಿ, ಬೋರ್ಡಿಗೆ ಹಾಕುವ ದುಡ್ಡಿಗೆ ಹಳೇ ಕಾರ್ಡ್ ಮಾರಿ ಬಂದದ್ದನ್ನು ಸೇರಿಸಿ 8 ಜಿಬಿಯ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಹುಡುಕಲಿ ಅನ್ನುತ್ತೇನೆ. ಅದಕ್ಕೆ ಎಂಟು ಲೇನ್ ಇದೆ, ಈಗಿರುವ ಬಿ450 ಬೋರ್ಡಿನಲ್ಲೇ ಚೆನ್ನಾಗಿ ಓಡುತ್ತದೆ.