ಹಂತ ಕಳಚುವ ಲೆಕ್ಕ: ಒಬ್ಬ ಬರಹಗಾರರಿಗೆ ಉತ್ತರ

“ಮಾನ್ಯ ಸಂಪಾದಕರೇ, ‘ರಾಕೆಟ್ಟಿಗೆ ಹಂತಗಳೇಕೆ’ ಎಂಬ ಲೇಖನ ಕಳುಹಿಸಿದ್ದೇನೆ. ಇಂಧನ ಇಮ್ಮಡಿಯಾದರೆ ವೇಗವೂ ಇಮ್ಮಡಿಯಾಗುತ್ತದೆ. ಅಷ್ಟು ದೊಡ್ಡ ಟ್ಯಾಂಕ್ ಕಟ್ಟುವುದು ಕಷ್ಟವಾದ್ದರಿಂದ ಹಂತಗಳಾಗಿ ಹಂಚುತ್ತಾರೆ ಎಂದು ವಿವರಿಸಿದ್ದೇನೆ. ಅಭಿಪ್ರಾಯ ತಿಳಿಸಿ.”

ಪ್ರಿಯ ಬರಹಗಾರರೇ,

ನಿಮ್ಮ ಭಾಷೆ ತಿಳಿಯಾಗಿದೆ, ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದ ಪ್ರಸ್ತಾಪವೂ ಹಿತವಾಗಿದೆ. ಆದರೆ ‘ವೇಗವೂ ಇಮ್ಮಡಿ’ ಎಂಬ ಮಾತನ್ನು ದಾಟಿ ಮುಂದೆ ಓದಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ರಷ್ಯದ ವಿಜ್ಞಾನಿ ತ್ಸಿಯೋಲ್ಕೊವ್ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣವನ್ನು ಅದೇ ಪುಟದಲ್ಲಿ ಬರೆದಿದ್ದೀರಿ, ಅದು ನಿಮ್ಮ ಮಾತನ್ನು ಒಪ್ಪುವುದಿಲ್ಲ.

Δv = vₑ ln(m₀/m₁)

ಹೊರಡುವಾಗಿನ ತೂಕವನ್ನು ಇಂಧನ ಮುಗಿದಾಗಿನ ತೂಕದಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ಮನ್ನು ಅನಿಲ ಹೊರಚಿಮ್ಮುವ ವೇಗದಿಂದ ಗುಣಿಸಿದರೆ ರಾಕೆಟ್ಟು ಪಡೆಯುವ ವೇಗ ಸಿಗುತ್ತದೆ. ನಾನು ಹಾಸನದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಲು ಕಲಿಯುತ್ತಿದ್ದಾಗ, ಅಲ್ಲಿನ ಹಿರಿಯರು ಸೂತ್ರವಿದ್ದ ಪುಟವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಅಂಕಿ ಹಾಕಿ ನೋಡದೆ ಅಚ್ಚಿಗೆ ಬಿಡುತ್ತಿರಲಿಲ್ಲ. ನಿಮ್ಮ ಪುಟದ ಅಂಚಿನಲ್ಲೂ ಹಾಗೆಯೇ ಬರೆದಿದ್ದೇನೆ.

ಚಿಮ್ಮುವ ವೇಗ ಸೆಕೆಂಡಿಗೆ 3 ಕಿ.ಮೀ. ಇರಲಿ. 100 ಟನ್ನಿನ ರಾಕೆಟ್ಟಿನಲ್ಲಿ 90 ಟನ್ ಇಂಧನ (ಅದನ್ನು ಉರಿಸುವ ಆಮ್ಲಜನಕವೂ ಸೇರಿ), 10 ಟನ್ ಟ್ಯಾಂಕು ಮತ್ತು ಎಂಜಿನ್ ಇರಲಿ. ಉಪಗ್ರಹವನ್ನೇ ಹೊರದಿದ್ದರೂ ಅದು ಪಡೆಯುವ ವೇಗ 6.9 ಕಿ.ಮೀ. ಮಾತ್ರ; ಗುರುತ್ವ ಮತ್ತು ಗಾಳಿಯ ನಷ್ಟ ಸೇರಿಸಿ ಕಕ್ಷೆಗೆ ಬೇಕಾದದ್ದು ಸುಮಾರು 9.3. ಇಂಧನ ಇಮ್ಮಡಿ ಮಾಡಿದರೆ ಅದನ್ನು ಹಿಡಿದಿಡುವ ಟ್ಯಾಂಕೂ ಇಮ್ಮಡಿಯಾಗಬೇಕು. ಆಗ 200ಕ್ಕೆ 20, ಅನುಪಾತ ಮತ್ತೆ 10, ವೇಗ ಅದೇ 6.9. ದೊಡ್ಡ ಟ್ಯಾಂಕ್ ಕಟ್ಟುವ ಕಷ್ಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

‘ಹಂಚುತ್ತಾರೆ’ ಎಂಬುದೂ ನನಗೆ ಒಪ್ಪಿಗೆಯಿಲ್ಲ. ಹಂಚಿದರೆ ಸಾಲದು, ಕಳಚಬೇಕು. ಅದೇ 100 ಟನ್ನಿನಲ್ಲಿ ಮೊದಲ ಹಂತಕ್ಕೆ 78.8 ಟನ್ ಇಂಧನ, 8.7 ಟನ್ ಕವಚ ಕೊಟ್ಟು, ಉಳಿದ 12.5 ಟನ್ನನ್ನು ಮೇಲಿನ ಹಂತಕ್ಕೆ ಬಿಡಿ. ಮೊದಲ ಹಂತ ಉರಿದು ಮುಗಿದಾಗ ವೇಗ 4.65 ಕಿ.ಮೀ. ಈಗ ಬರಿದಾದ 8.7 ಟನ್ನನ್ನು ಕಳಚಿದರೆ, ಮೇಲಿನ ಹಂತದ 9.8 ಟನ್ ಇಂಧನ ಇನ್ನೂ ಅಷ್ಟೇ ವೇಗ ಕೂಡಿಸಿ, ಸುಮಾರು 1.6 ಟನ್ನಿನ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸುತ್ತದೆ. ಕಳಚದೆ ಹೊತ್ತೇ ಹೋದರೆ ಅದೇ 9.8 ಟನ್ ಇಂಧನ ಕೂಡಿಸುವುದು 1.9 ಕಿ.ಮೀ. ಮಾತ್ರ. ನಿಮ್ಮ ಲೇಖನದ ಹೃದಯ ಈ ಎರಡು ಅಂಕಿಗಳ ನಡುವೆ ಇರಬೇಕಿತ್ತು.

ಹಾಗಾದರೆ ಹಂತಗಳು ಹೆಚ್ಚಿದಷ್ಟೂ ಒಳ್ಳೆಯದೇ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಇದೇ ಲೆಕ್ಕದಲ್ಲಿ ಮೂರು ಹಂತಕ್ಕೆ 2.3 ಟನ್ನಿನ ಉಪಗ್ರಹ, ನಾಲ್ಕಕ್ಕೆ 2.6, ಲಾಭ ಕುಗ್ಗುತ್ತಾ ಹೋಗುತ್ತದೆ, ಆದರೆ ಪ್ರತಿ ಹಂತಕ್ಕೂ ಮತ್ತೊಂದು ಎಂಜಿನ್, ಮತ್ತೊಂದು ಕಳಚುವಿಕೆ, ಆಕಾಶದಲ್ಲಿ ಮತ್ತೊಂದು ಹೊತ್ತಿಸುವಿಕೆ ಬೇಕು. 2021ರ ಆಗಸ್ಟ್ 12ರಂದು ಇಸ್ರೋದ ಜಿಎಸ್‌ಎಲ್‌ವಿ-ಎಫ್10 ರಾಕೆಟ್ಟಿನ ಮೊದಲೆರಡು ಹಂತಗಳು ಸರಿಯಾಗಿ ಕೆಲಸ ಮಾಡಿದ ಮೇಲೂ ಅತಿ ತಣ್ಣನೆಯ ದ್ರವ ಇಂಧನ ಉರಿಸುವ ಮೂರನೆಯ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳದೆ ಉಪಗ್ರಹ ಕೈತಪ್ಪಿತು. ಈ ಭಾಗ ನಿಮ್ಮಲ್ಲಿ ಇಲ್ಲವೇ ಇಲ್ಲ. ಅದನ್ನು ಸೇರಿಸಿ, ಎರಡನೆಯ ಪುಟವನ್ನು ಪೂರ್ತಿ ಹೊಸದಾಗಿ ಬರೆದು ಕಳುಹಿಸಿ.